ಗಂಧದೆಣ್ಣೆ ಯಾವುದು, ಗಂಧದ ವಾಸನೆಯ ಎಣ್ಣೆ ಯಾವುದು?

ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ಅತ್ತರಿನ ಅಂಗಡಿಯ ಮುಂದೆ ಒಂದು ಗಳಿಗೆಯಾದರೂ ನಿಲ್ಲದೆ ಮುಂದೆ ಹೋಗುವುದು ಕಷ್ಟ. ಗಾಜಿನ ಸಣ್ಣ ಸಣ್ಣ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಗುಲಾಬಿ, ಮಲ್ಲಿಗೆ, ಕೇದಗೆ, ಲಾವಂಚ, ಶ್ರೀಗಂಧ. ಅಂಗಡಿಯವನು ಗಾಜಿನ ಕಡ್ಡಿಯನ್ನು ಸೀಸೆಯಲ್ಲಿ ಅದ್ದಿ ಗಿರಾಕಿಯ ಮುಂಗೈಗೆ ಸವರುತ್ತಾನೆ. "ಹಚ್ಚಿ ನೋಡ್ರಿ ಅಣ್ಣಾರ, ಅಪ್ಪಟ ಗಂಧದೆಣ್ಣಿ ಐತಿ, ಮೂರು ದಿನ ವಾಸನಿ ಹೋಗಂಗಿಲ್ಲ" ಎನ್ನುತ್ತಾನೆ. ವಾಸನೆಯೂ ಗಮ್ಮೆನ್ನುತ್ತದೆ. ಮನೆಯ ಜಗುಲಿಯ ಪೂಜೆಗೋ, ಮಗುವಿನ ಚರ್ಮದ ಉರಿಗೋ, ಹಿರಿಯರು ಹೇಳಿದ ಯಾವುದೋ ಔಷಧಿಗೋ ಬೇಕೆಂದು ಗಿರಾಕಿ ಮುನ್ನೂರು ರೂಪಾಯಿ ಎಣಿಸಿ ಕೊಟ್ಟು ಹತ್ತು ಮಿಲಿಲೀಟರಿನ ಸೀಸೆಯನ್ನು ಜೇಬಿಗೆ ಇಳಿಸುತ್ತಾನೆ. ಸೀಸೆಯ ಮೇಲಿನ ಚೀಟಿಯಲ್ಲಿ 'ಶುದ್ಧ ಶ್ರೀಗಂಧ ತೈಲ' ಎಂದಿರುತ್ತದೆ.

ಆ ಸೀಸೆಯೊಳಗೆ ಇರುವುದು ಏನು? ಈ ಪ್ರಶ್ನೆಗೆ ಜಾತ್ರೆಯ ಅಂಗಡಿಯಲ್ಲಿ ನಿಂತು ಉತ್ತರ ಹೇಳುವುದು ಸಾಧ್ಯವಿಲ್ಲ. ಆದರೆ ಮನೆಗೆ ತಂದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಅದರ ಗುಟ್ಟನ್ನು ಬಹುಮಟ್ಟಿಗೆ ಬಿಡಿಸಬಹುದು. ಅದಕ್ಕೆ ಬೇಕಾದುದು ಒಂದು ಕಾಗದ, ಪತ್ತಾರರ ಅಂಗಡಿಯ ತಕ್ಕಡಿ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಿಗುವ ಸ್ವಲ್ಪ ಮದ್ಯಸಾರ, ಮತ್ತು ಇವೆಲ್ಲಕ್ಕಿಂತ ಮೊದಲು ಎರಡು ಬಗೆಯ ಎಣ್ಣೆಗಳ ವ್ಯತ್ಯಾಸದ ತಿಳಿವಳಿಕೆ.

ಅಂಗಡಿಗಳಲ್ಲಿ 'ಎಸೆನ್ಷಿಯಲ್ ಆಯಿಲ್' ಎಂದು ಮಾರುವ ಸುಗಂಧ ತೈಲವು ಗಿಡಮರಗಳ ಯಾವುದೋ ಒಂದು ಭಾಗದಿಂದ, ಸಾಮಾನ್ಯವಾಗಿ ಉಗಿಯ ಸಹಾಯದಿಂದ, ಭಟ್ಟಿ ಇಳಿಸಿ ತೆಗೆದದ್ದು. ನಿಂಬೆ ಹುಲ್ಲಿನಲ್ಲಿ ಅದು ಎಲೆಯಲ್ಲಿರುತ್ತದೆ, ಲಾವಂಚದಲ್ಲಿ ಬೇರಿನಲ್ಲಿ, ಶ್ರೀಗಂಧದಲ್ಲಿ ಚೇಗಿನಲ್ಲಿ. ಹೆಸರಿಗೆ ಎಣ್ಣೆಯೇ ಹೊರತು ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಗಳ ಜಾತಿಗೆ ಇದು ಸೇರಿದ್ದಲ್ಲ. ಗಾಣದ ಎಣ್ಣೆಯಲ್ಲಿ ಇರುವುದು ಕೊಬ್ಬು, ಅದು ಆವಿಯಾಗುವುದಿಲ್ಲ. ಸುಗಂಧ ತೈಲದಲ್ಲಿ ಕೊಬ್ಬಿಲ್ಲ; ಬೇಗನೆಯೋ ನಿಧಾನವಾಗಿಯೋ ಗಾಳಿಗೆ ಹಾರಿಹೋಗುವ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕ ವಸ್ತುಗಳು ಅದರಲ್ಲಿ ಕೂಡಿಕೊಂಡಿರುತ್ತವೆ.

ಇನ್ನೊಂದು ಬಗೆಯದು 'ಫ್ರೇಗ್ರೆನ್ಸ್ ಆಯಿಲ್'. ಊದಿನಕಡ್ಡಿ ಮಾಡುವವರ ಬಾಯಲ್ಲಿ ಅದು 'ಕಂಪೌಂಡ್', ಜನರ ಬಾಯಲ್ಲಿ 'ಸೆಂಟು'. ಅದನ್ನು ಯಾವ ಗಿಡದಿಂದಲೂ ಇಳಿಸಬೇಕಾಗಿಲ್ಲ. ಕಾರ್ಖಾನೆಯಲ್ಲಿ ಮಾಡಿದ ವಾಸನೆಯ ರಾಸಾಯನಿಕಗಳನ್ನು, ಕೆಲವೊಮ್ಮೆ ಸ್ವಲ್ಪ ನೈಸರ್ಗಿಕ ತೈಲವನ್ನೂ ಸೇರಿಸಿ, ಹದವಾಗಿ ಬೆರೆಸಿ, ವಾಸನೆಯಿಲ್ಲದ ಯಾವುದಾದರೂ ದ್ರವದಲ್ಲಿ ತೆಳ್ಳಗೆ ಮಾಡಿರುತ್ತಾರೆ. ಗಂಧದ ವಾಸನೆಯನ್ನೇ ತೆಗೆದುಕೊಳ್ಳಿ. ಪೈನ್ ಮರದ ಟರ್ಪೆಂಟೈನಿನಿಂದ ದೊರೆಯುವ ಕ್ಯಾಂಫೀನ್ ಎಂಬ ವಸ್ತುವನ್ನು ಗ್ವಾಯಕಾಲ್ ಎಂಬ ಇನ್ನೊಂದರೊಡನೆ ಕೂಡಿಸಿ, ಆಮೇಲೆ ಜಲಜನಕ ಹಾಯಿಸಿದರೆ ಗಂಧವನ್ನು ಹೋಲುವ ವಾಸನೆಯ ಮಂದವಾದ ದ್ರವವೊಂದು ಸಿದ್ಧವಾಗುತ್ತದೆ. ಅದರ ಹತ್ತಿರ ಶ್ರೀಗಂಧದ ಮರ ಸುಳಿದದ್ದೂ ಇಲ್ಲ. ಕಡಿಮೆ ಬೆಲೆಯ ಊದಿನಕಡ್ಡಿ, ಸೋಪು, ಪೌಡರುಗಳ ಗಂಧದ ಪರಿಮಳ ಬಹುತೇಕ ಇಂಥವುಗಳದೇ.

ಇದನ್ನು ಮೋಸ ಎಂದು ಹೇಳಿಬಿಡುವುದು ತಪ್ಪು. ಸೆಂಟನ್ನು ಸೆಂಟು ಎಂದೇ ಮಾರಿದರೆ ಅದು ಪ್ರಾಮಾಣಿಕ ವ್ಯಾಪಾರ. ಮೋಸ ಇರುವುದು ಸೀಸೆಯ ಒಳಗಲ್ಲ, ಚೀಟಿಯಲ್ಲಿ. ಇವೆರಡರ ನಡುವೆ ಮೂರನೆಯದೂ ಒಂದುಂಟು: ಎಳ್ಳಿಗೆ ಹೂವಿನ ಪದರ ಹಾಕಿ ವಾಸನೆ ಹಿಡಿಸಿ ಆಮೇಲೆ ಗಾಣಕ್ಕೆ ಹಾಕಿದ್ದು, ಅಥವಾ ಎಣ್ಣೆಯಲ್ಲಿ ಬೇರನ್ನೋ ಚಕ್ಕೆಯನ್ನೋ ನೆನೆಸಿ ಕಾಯಿಸಿದ್ದು. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿದ್ದ ಚಾವುಂಡರಾಯ 1025ರ ಸುಮಾರಿಗೆ ಬರೆದ 'ಲೋಕೋಪಕಾರ' ಎಂಬ ಕನ್ನಡ ಗ್ರಂಥದಲ್ಲಿ ಸುಗಂಧ ದ್ರವ್ಯಗಳಿಗೇ ಒಂದು ಭಾಗ ಮೀಸಲಾಗಿದೆ. ಈಗಿನ ಕೊಪ್ಪಳ, ಯಲಬುರ್ಗಾ ಸೀಮೆ ಆಗ ಆ ಚಾಲುಕ್ಯರ ನಾಡೇ ಆಗಿತ್ತು. ವಾಸನೆ ಹಿಡಿಸಿದ ಎಳ್ಳೆಣ್ಣೆ ತಲೆಗೆ ಹಚ್ಚಲು ಒಳ್ಳೆಯದಿರಬಹುದು. ಆದರೆ ಅದು ಸುಗಂಧ ತೈಲವಲ್ಲ, ಸುಗಂಧ ಹೊತ್ತ ಗಾಣದೆಣ್ಣೆ. 'ಲಾವಂಚದ ಎಣ್ಣೆ' ಎಂದು ಅಂಗಡಿಯಲ್ಲಿ ಸಿಗುವ ದೊಡ್ಡ ಬಾಟಲಿ ಸಾಮಾನ್ಯವಾಗಿ ಈ ಮೂರನೆಯ ಜಾತಿಯದು.

ಅತ್ತರಿಗೂ ಇಲ್ಲೊಂದು ಜಾಗ ಕೊಡಬೇಕು. ಉತ್ತರ ಕರ್ನಾಟಕದಲ್ಲಿ 'ಅತ್ತಾರ' ಎಂಬ ಅಡ್ಡಹೆಸರಿನ ಮನೆತನಗಳು ಊರೂರಿಗೂ ಇವೆ. ಹಿಂದೆ ಸುಗಂಧ ಮಾರುವುದು ಆ ಮನೆತನಗಳ ಕಸುಬು ಎಂಬುದನ್ನು ಹೆಸರೇ ಹೇಳುತ್ತದೆ. ಕೊಪ್ಪಳ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅತ್ತರು ಇಲ್ಲಿಯವರಿಗೆ ಹೊಸದಲ್ಲ. ಅಸಲು ಅತ್ತರೆಂದರೆ ಹೂವನ್ನು ತಾಮ್ರದ ಹಂಡೆಯಲ್ಲಿ ಕುದಿಸಿ, ಅದರ ಆವಿಯನ್ನು ಗಂಧದೆಣ್ಣೆಯೊಳಕ್ಕೇ ಇಳಿಸಿ ತಯಾರಿಸಿದ್ದು. ಉತ್ತರ ಪ್ರದೇಶದ ಕನೌಜ್ ಇದಕ್ಕೆ ಹೆಸರಾದ ಊರು. ಹಾಗಾಗಿ ಹಳೆಯ ಕಾಲದ ಗುಲಾಬಿ ಅತ್ತರಿನಲ್ಲಿ ಗುಲಾಬಿಗಿಂತ ಗಂಧವೇ ಹೆಚ್ಚು. ಗಂಧದೆಣ್ಣೆ ದುಬಾರಿಯಾದಂತೆ ಅದರ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಮೊದಲಾದ ಅಗ್ಗದ ದ್ರವಗಳು ಬಂದವು. ಹೆಸರು ಮಾತ್ರ ಅತ್ತರೆಂದೇ ಉಳಿಯಿತು.

ಈಗ ಜಾತ್ರೆಯ ಸೀಸೆಗೆ ಬರೋಣ. ಮೊದಲನೆಯ ಪರೀಕ್ಷೆಗೆ ಸೀಸೆಯ ಮುಚ್ಚಳ ತೆಗೆಯಬೇಕಾಗಿಲ್ಲ. ಲೆಕ್ಕ ಬಂದರೆ ಸಾಕು. ಒಳ್ಳೆಯ ಚೇಗಿನಲ್ಲಿ ತೂಕದ ಶೇಕಡ 4ರಿಂದ 6ರಷ್ಟು ಎಣ್ಣೆ ಇರುತ್ತದೆ. ಸರಾಸರಿ 5 ಎಂದು ಹಿಡಿಯೋಣ. ಹತ್ತು ಮಿಲಿಲೀಟರ್ ಎಣ್ಣೆಯ ತೂಕ ಸುಮಾರು 9.7 ಗ್ರಾಂ. ಅಷ್ಟು ಎಣ್ಣೆ ಬರಬೇಕಾದರೆ ಹತ್ತಿರ ಹತ್ತಿರ 200 ಗ್ರಾಂ ಚೇಗಿನ ಪುಡಿ ಬೇಕು. ಲೆಕ್ಕದ ಸುಲಭಕ್ಕಾಗಿ ಚೇಗು ಕಿಲೋಗೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಮರದ ಬೆಲೆಯೇ ಎರಡು ಸಾವಿರವಾಯಿತು. ಭಟ್ಟಿಯ ಉರುವಲು, ಕೂಲಿ, ಸೀಸೆ, ಅಂಗಡಿಯವನ ಲಾಭ ಆಮೇಲಿನ ಮಾತು. ಅಂದ ಮೇಲೆ ಮುನ್ನೂರು ರೂಪಾಯಿಯ ಸೀಸೆಯಲ್ಲಿ ತುಂಬ ಗಂಧದೆಣ್ಣೆ ಇರುವುದು ಹೇಗೆ ಸಾಧ್ಯ? ಅದೇ ಸಾಲಿನಲ್ಲಿ ಮಲ್ಲಿಗೆ, ಗುಲಾಬಿ, ನಿಂಬೆ ಹುಲ್ಲು, ಗಂಧ ಎಲ್ಲಕ್ಕೂ ಒಂದೇ ಬೆಲೆ ಇಟ್ಟಿದ್ದರೆ ಅನುಮಾನವೇ ಬೇಡ. ಗಿಡಗಳು ಕೊಡುವ ಎಣ್ಣೆಯ ಪ್ರಮಾಣ ಒಂದಕ್ಕೊಂದು ಅಜಗಜಾಂತರ. ಬೆಲೆ ಮಾತ್ರ ಸರಿಸಮ ಇರಲಾರದು. ಆದರೆ ಈ ಲೆಕ್ಕ ಒಂದೇ ಕಡೆಗೆ ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬಾರದು. ಅಗ್ಗದ ಸೀಸೆ ಸುಳ್ಳೆಂದು ಅದು ಹೇಳಬಲ್ಲದು. ದುಬಾರಿ ಸೀಸೆ ನಿಜವೆಂದು ಹೇಳಲಾರದು.

ಚೀಟಿಯನ್ನೂ ಓದಬೇಕು. ಶುದ್ಧ, ಅಪ್ಪಟ, ನೈಸರ್ಗಿಕ ಎಂಬ ಮಾತುಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಇರಬೇಕಾದುದು ಮರದ ಶಾಸ್ತ್ರೀಯ ಹೆಸರು. ನಮ್ಮ ಶ್ರೀಗಂಧ 'ಸ್ಯಾಂಟಲಂ ಆಲ್ಬಂ'. ಆಸ್ಟ್ರೇಲಿಯದ ಗಂಧ 'ಸ್ಯಾಂಟಲಂ ಸ್ಪೈಕೇಟಂ'. ಅದೂ ನಿಜವಾದ ಸುಗಂಧ ತೈಲವೇ, ಆದರೆ ಬೇರೆ ಮರ, ಬೇರೆ ವಾಸನೆ, ಬೇರೆ ಬೆಲೆ. ವೆಸ್ಟ್ ಇಂಡೀಸಿನ ಗಂಧ ಎಂದು ಕರೆಯುವ 'ಅಮೈರಿಸ್' ಗಂಧದ ಕುಲಕ್ಕೇ ಸೇರಿದ್ದಲ್ಲ. ಆದ್ದರಿಂದ 'ಶುದ್ಧವೇ?' ಎಂದು ಕೇಳುವ ಮೊದಲು 'ಯಾವ ಮರದ್ದು, ಯಾವ ಭಾಗದ್ದು?' ಎಂದು ಕೇಳುವುದು ಜಾಣತನ.

ಮುಚ್ಚಳ ತೆಗೆದ ಮೇಲೆ ಮೊದಲು ಸಾಕ್ಷಿ ಹೇಳುವುದು ಮೂಗು. ಕಣ್ಣಿದ್ದವರು ಕನಕಗಿರಿ ನೋಡಬೇಕೆಂಬ ಮಾತು ಹುಟ್ಟಿದ ಸೀಮೆ ಇದು. ಆದರೆ ಎಣ್ಣೆಯ ವಿಷಯದಲ್ಲಿ ಕಣ್ಣಿನಿಂದ ಪ್ರಯೋಜನ ಕಡಿಮೆ, ಮೂಗು ಕೂಡ ಬೇಗ ಸೋಲುತ್ತದೆ. ಅಸಲು ಗಂಧದೆಣ್ಣೆಯ ವಾಸನೆ ಮೈಮೇಲೆ ಬೀಳುವಂಥದಲ್ಲ. ಮೊದಲ ಸಲ ಮೂಸಿದವರಿಗೆ 'ಇಷ್ಟೇನಾ?' ಎನಿಸುವಷ್ಟು ಮೆದು. ಸೀಸೆ ತೆರೆದ ಕೂಡಲೇ ಗಮ್ಮೆಂದು ಹೊಡೆದು, ಒಂದು ತಾಸಿನಲ್ಲಿ ಗುಣ ಬದಲಿಸಿಕೊಂಡು ಬೇರೇನೋ ಆಗುವುದು ಹೆಚ್ಚಾಗಿ ಬೆರಕೆಯ ಲಕ್ಷಣ. ಬಿಳಿ ಕಾಗದದ ಪಟ್ಟಿಯ ತುದಿಗೆ ಒಂದು ಹನಿ ಹಾಕಿ, ಕೂಡಲೇ ಒಮ್ಮೆ, ತಾಸಿನ ಮೇಲೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ, ಮೂರನೆಯ ದಿನ ಒಮ್ಮೆ ಮೂಸಿ ನೋಡಬೇಕು. ನಂಬಿಕೆಯ ಸೀಸೆಯೊಂದರ ಹನಿಯನ್ನು ಇನ್ನೊಂದು ಪಟ್ಟಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡರೆ ಮಾತ್ರ ಈ ಪರೀಕ್ಷೆಗೆ ಅರ್ಥ. ಅಂದ ಹಾಗೆ, ಮೂರು ದಿನ ವಾಸನೆ ನಿಲ್ಲುತ್ತದೆಂಬ ಅಂಗಡಿಯವನ ಮಾತು ಶುದ್ಧತೆಗೆ ಪುರಾವೆಯಲ್ಲ. ಕೃತಕ ಗಂಧಗಳಲ್ಲಿಯೂ ವಾರಗಟ್ಟಲೆ ನಿಲ್ಲುವವು ಇವೆ.

ಕಾಗದದ ಮೇಲೆ ಎಣ್ಣೆಯ ಕಲೆ ಉಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಹನಿ ಹಾರಿಹೋಗಿ ಕಾಗದ ಸ್ವಚ್ಛವಾದರೆ ಶುದ್ಧ, ಜಿಡ್ಡಿನ ಕಲೆ ಉಳಿದರೆ ಬೆರಕೆ ಎನ್ನುತ್ತಾರೆ. ನೀಲಗಿರಿ, ನಿಂಬೆ ಹುಲ್ಲಿನಂಥ ಹಗುರ ತೈಲಗಳಿಗೆ ಈ ಮಾತು ಒಪ್ಪುತ್ತದೆ. ಗಂಧದೆಣ್ಣೆಗೆ ಒಪ್ಪುವುದಿಲ್ಲ. ಅದು ಮಂದ, ಭಾರ. ಆರಲು ಬಹಳ ದಿನ ಬೇಕು. ಮರುದಿನವೇ ಕಲೆ ನೋಡಿ ಒಳ್ಳೆಯ ಎಣ್ಣೆಯನ್ನು ಚೆಲ್ಲಿದವರಿದ್ದರೆ ಆಶ್ಚರ್ಯವಿಲ್ಲ. ಬದಲಾಗಿ, ಹಾರುವ ದ್ರವದಲ್ಲಿ ಕರಗಿಸಿದ ಸೆಂಟು ಕಲೆ ಉಳಿಸದೆ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಗಂಧದ ಮಟ್ಟಿಗೆ ಇದನ್ನು ಬಿಟ್ಟುಬಿಡುವುದೇ ಲೇಸು.

ಇನ್ನು ತೂಕ. ಭಾರತದ ಶ್ರೀಗಂಧ ತೈಲಕ್ಕೆ ಅಂತರರಾಷ್ಟ್ರೀಯ ಮಾನಕವೊಂದಿದೆ. ಅದರ ಸಂಖ್ಯೆ ಐಎಸ್‌ಒ 3518. ಅದರ ಪ್ರಕಾರ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಎಣ್ಣೆ ಅಷ್ಟೇ ಗಾತ್ರದ ನೀರಿಗಿಂತ ತುಸು ಹಗುರ. ನೀರು 1 ಎಂದರೆ ಎಣ್ಣೆ 0.968ರಿಂದ 0.983. ಇದನ್ನು ನೋಡಲು ದೊಡ್ಡ ಉಪಕರಣ ಬೇಡ. ಗಂಗಾವತಿಯಲ್ಲಾಗಲಿ ಕುಷ್ಟಗಿಯಲ್ಲಾಗಲಿ ಪತ್ತಾರರ ಅಂಗಡಿಯ ವಿದ್ಯುತ್ ತಕ್ಕಡಿ ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುತ್ತದೆ. ಸಣ್ಣ ಬಾಯಿಯ ಒಣಗಿದ ಖಾಲಿ ಸೀಸೆಯೊಂದನ್ನು ಮೊದಲು ತೂಗಬೇಕು. ಆಮೇಲೆ ಗಂಟಲವರೆಗೆ ಗುರುತು ಮಾಡಿ ನೀರು ತುಂಬಿ ತೂಗಬೇಕು. ಸೀಸೆಯನ್ನು ಚೆನ್ನಾಗಿ ಒಣಗಿಸಿ ಅದೇ ಗುರುತಿನವರೆಗೆ ಎಣ್ಣೆ ತುಂಬಿ ಮತ್ತೆ ತೂಗಬೇಕು. ಎಣ್ಣೆಯ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಮೆಡಿಕಲ್ ಅಂಗಡಿಯ ಸಿರಿಂಜಿನಲ್ಲಿ ಅಳೆಯುವುದು ಬೇಡ; ಅದರ ಗುರುತಿನ ತಪ್ಪೇ ನಾವು ಹುಡುಕುವ ವ್ಯತ್ಯಾಸಕ್ಕಿಂತ ದೊಡ್ಡದಾಗಬಹುದು. ಬೇಸಿಗೆಯ ಬಿಸಿಯಲ್ಲಿ ಉತ್ತರ ಒಂದಿಷ್ಟು ಕಡಿಮೆಯೂ ಬರಬಹುದು.

ಸೀಸೆಯಲ್ಲಿ ಸರಿಯಾಗಿ 10 ಗ್ರಾಂ ನೀರು ಹಿಡಿಯಿತು ಎಂದುಕೊಳ್ಳೋಣ. ಶುದ್ಧ ಗಂಧದೆಣ್ಣೆ 9.68 ಮತ್ತು 9.83 ಗ್ರಾಮಿನ ನಡುವೆ ತೂಗಬೇಕು, ನಡುವಿನ 9.75 ಹಿಡಿಯೋಣ. ಈಗ ಕೆಲಸದ ಕೈ ಒಂದು ನೂರು ಪಾಲಿನಲ್ಲಿ ಮೂವತ್ತು ಪಾಲು ಕೊಬ್ಬರಿ ಎಣ್ಣೆ ಬೆರೆಸಿದರೆ ತೂಕ 9.59 ಗ್ರಾಮಿಗೆ ಇಳಿಯುತ್ತದೆ, ಸಿಕ್ಕಿಬಿದ್ದಂತೆ. ಸೆಂಟಿನ ವ್ಯಾಪಾರದಲ್ಲಿ ತೆಳು ಮಾಡಲು ಬಳಸುವ ಡೈಈಥೈಲ್ ಥಾಲೇಟ್ ಎಂಬ ವಾಸನೆಯಿಲ್ಲದ ದ್ರವ ನೀರಿಗಿಂತ ಭಾರ. ಅದನ್ನು ಮೂವತ್ತು ಪಾಲು ಬೆರೆಸಿದರೆ ತೂಕ 10.19 ಗ್ರಾಮಿಗೆ ಏರಿ, ಹನಿ ನೀರಿನಲ್ಲಿ ಮುಳುಗುತ್ತದೆ. ಅದೂ ಸಿಕ್ಕಿಬಿದ್ದಿತು. ಆದರೆ ಬೆರೆಸುವವನು ಈ ಲೆಕ್ಕವನ್ನು ತಿಳಿಯದವನೇನಲ್ಲ. ಇಪ್ಪತ್ತು ಪಾಲು ಕೊಬ್ಬರಿ ಎಣ್ಣೆ, ಹತ್ತು ಪಾಲು ಥಾಲೇಟ್ ಹಾಕಿದರೆ ಹಗುರಕ್ಕೆ ಭಾರ ಸರಿಹೋಗಿ ತೂಕ 9.79 ಗ್ರಾಂ ಬರುತ್ತದೆ. ಇನ್ನೂ ಸುಲಭದ ದಾರಿ ಔಡಲೆಣ್ಣೆ. ಅದರ ತೂಕ ಗಂಧದೆಣ್ಣೆಗೆ ಎಷ್ಟು ಹತ್ತಿರವೆಂದರೆ ಮೂವತ್ತು ಪಾಲು ಬೆರೆಸಿದರೂ 9.71 ಗ್ರಾಂ ತೂಗುತ್ತದೆ. ಬಣ್ಣವೂ ತಿಳಿ ಹಳದಿ, ಮಂದತನವೂ ಉಂಟು. ತಕ್ಕಡಿ ಎರಡನ್ನೂ ಒಪ್ಪಿಬಿಡುತ್ತದೆ.

ಅಲ್ಲಿಗೆ ಬೇಕಾಗುವುದು ಮದ್ಯಸಾರ. ಶೇಕಡ 70ರ ಮದ್ಯಸಾರದಲ್ಲಿ ಗಂಧದೆಣ್ಣೆ ಕರಗುತ್ತದೆ. ಗಾಣದ ಎಣ್ಣೆಗಳು ಕರಗುವುದಿಲ್ಲ. ಒಂದು ಮಿಲಿಲೀಟರ್ ಎಣ್ಣೆಯನ್ನು ಗಾಜಿನ ನಳಿಗೆಯಲ್ಲಿ ಹಾಕಿ, ಮದ್ಯಸಾರವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕುಲುಕಬೇಕು. ಐದು ಮಿಲಿಲೀಟರ್ ಮುಗಿಯುವುದರೊಳಗೆ ದ್ರಾವಣ ಸ್ಫಟಿಕದಂತೆ ತಿಳಿಯಾದರೆ ಗಾಣದ ಎಣ್ಣೆಯ ಬೆರಕೆ ಇಲ್ಲ. ಹಾಲಿನಂತೆ ಮಬ್ಬಾಗಿ ಉಳಿದು, ಕೆಲ ಹೊತ್ತಿನ ಮೇಲೆ ತಳದಲ್ಲೋ ಮೇಲೋ ಹನಿಗಳು ಗುಂಪುಗೂಡಿದರೆ ಇದೆ. ಇಲ್ಲಿ 70 ಎಂಬ ಅಂಕಿಯೇ ಪ್ರಾಣ. ಔಡಲೆಣ್ಣೆ ಗಾಣದ ಎಣ್ಣೆಗಳಲ್ಲೇ ವಿಚಿತ್ರದ್ದು. 90ಕ್ಕೂ ಮಿಕ್ಕ ಗಟ್ಟಿ ಮದ್ಯಸಾರದಲ್ಲಿ ಅದು ಕರಗಿಬಿಡುತ್ತದೆ, 70ರಲ್ಲಿ ಕರಗದು. ಗಟ್ಟಿ ಸ್ಪಿರಿಟ್ ತಂದು ಪರೀಕ್ಷೆ ಮಾಡಿದವನಿಗೆ ಔಡಲೆಣ್ಣೆ ಟೋಪಿ ಹಾಕುವುದು ಹೀಗೆ. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಕೂಡ ಬೇಡ. ಅದರಲ್ಲಿ ಬೇರೆ ವಸ್ತುಗಳನ್ನು ಬೆರೆಸಿರುತ್ತಾರೆ, ಕೆಲವು ಬಗೆಗಳಲ್ಲಿ ಔಡಲೆಣ್ಣೆಯೇ ಇರುತ್ತದೆ! ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಶೇಕಡ 95ರ ಸ್ಪಿರಿಟ್ ಸಿಕ್ಕರೆ, ಅದರ 74 ಮಿಲಿಲೀಟರಿಗೆ ಬಟ್ಟಿ ಇಳಿಸಿದ ನೀರು ಸೇರಿಸಿ ಒಟ್ಟು 100 ಮಾಡಿದರೆ ಬೇಕಾದ ಹದ ಬರುತ್ತದೆ.

ನಮ್ಮ ಕಡೆಯ ಬಿಸಿಲು ಈ ಪರೀಕ್ಷೆಗೆ ಶತ್ರು. ಬಿಸಿಯಲ್ಲಿ ಕರಗುವ ಗುಣ ಹೆಚ್ಚುತ್ತದೆ. ಚೈತ್ರದ ಮಧ್ಯಾಹ್ನ ತಿಳಿಯಾಗಿ ಕಂಡದ್ದು ಪುಷ್ಯದ ಬೆಳಗಿನಲ್ಲಿ ಮಬ್ಬಾಗಬಹುದು. ಮಾನಕ ಹೇಳುವುದು 20 ಡಿಗ್ರಿಯ ಮಾತು. ಹರವಿಯ ತಣ್ಣೀರಿಗೆ ಒಂದೆರಡು ತುಂಡು ಬರ್ಫ ಹಾಕಿ, ಥರ್ಮಾಮೀಟರ್ ನೋಡಿ, ನಳಿಗೆಯನ್ನು ಅದರಲ್ಲಿ ಇಳಿಬಿಟ್ಟು ಹತ್ತು ನಿಮಿಷ ಬಿಟ್ಟರೆ ಸಾಕು. ತೀರ ಹಳೆಯದಾಗಿ ಗಾಳಿ ತಾಗಿ ಕೆಟ್ಟ ಅಸಲು ಎಣ್ಣೆಯೂ ಒಮ್ಮೊಮ್ಮೆ ಮಬ್ಬು ತೋರಿಸುವುದುಂಟು. ಒಂದೇ ಸಲದ ಫಲಿತಾಂಶದ ಮೇಲೆ ಯಾರ ಮೇಲೂ ತಪ್ಪು ಹೊರಿಸಬಾರದು.

ತಕ್ಕಡಿಯೂ ಮದ್ಯಸಾರವೂ ಒಪ್ಪಿದರೆ ಎಣ್ಣೆ ಶುದ್ಧವಾಯಿತೇ? ಇಲ್ಲ. ಗಾಣದ ಎಣ್ಣೆ ಇಲ್ಲ ಎಂದಷ್ಟೇ ಆಯಿತು. ಮದ್ಯಸಾರದಲ್ಲಿ ಕರಗುವ, ತೂಕವೂ ಹೊಂದುವ ಕೃತಕ ಗಂಧವನ್ನು ಬೆರೆಸಿದ್ದರೆ ಇವೆರಡೂ ಮೌನ. ಈ ಓಟ ಹಳೆಯದು; ಅದರ ಒಂದು ಮುಖ್ಯ ಘಟ್ಟ ಮೈಸೂರು ಸಂಸ್ಥಾನದಲ್ಲೇ ನಡೆಯಿತು.

1914ರಲ್ಲಿ ಯುರೋಪಿನಲ್ಲಿ ಯುದ್ಧ ಸಿಡಿಯುವವರೆಗೆ ಮೈಸೂರಿನ ಗಂಧದ ಕೊರಡುಗಳು ಬಹುಪಾಲು ಹೊರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧದಿಂದ ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್ ಅವರ ಒತ್ತಾಸೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಸರ್ಕಾರದ ಕಾರ್ಖಾನೆ ಶುರುವಾಯಿತು. ಆಗ ಗಂಧದೆಣ್ಣೆ ಬರಿಯ ಸುಗಂಧವಲ್ಲ, ಮೂತ್ರಮಾರ್ಗದ ರೋಗಗಳಿಗೆ ವೈದ್ಯರು ನುಂಗಲು ಕೊಡುತ್ತಿದ್ದ ಔಷಧ. ಔಷಧವಾದ್ದರಿಂದ ಬ್ರಿಟಿಷ್ ಫಾರ್ಮಕೋಪಿಯ ಅದಕ್ಕೆ ಗಡಿ ಹಾಕಿತ್ತು: ಸ್ಯಾಂಟಲಾಲ್ ಎಂಬ ಮುಖ್ಯ ಸತ್ವ ಶೇಕಡ 90ಕ್ಕೆ ಕಡಿಮೆ ಇರಕೂಡದು.

ಈ 90ನ್ನು ಅಳೆಯುತ್ತಿದ್ದ ರೀತಿಯಲ್ಲೇ ಒಂದು ಬಿರುಕು ಇತ್ತು. ಸ್ಯಾಂಟಲಾಲ್ ರಸಾಯನಶಾಸ್ತ್ರದ ಭಾಷೆಯಲ್ಲಿ 'ಆಲ್ಕೊಹಾಲ್' ಎಂಬ ದೊಡ್ಡ ಗುಂಪಿಗೆ ಸೇರಿದ ವಸ್ತು. ಎಣ್ಣೆಯನ್ನು ಅಸಿಟಿಕ್ ಆಮ್ಲದ ಒಂದು ರೂಪದೊಡನೆ ಕುದಿಸಿ, ಎಷ್ಟು ಕೂಡಿಕೊಂಡಿತೆಂದು ಲೆಕ್ಕ ಹಾಕಿ, ಅದೆಲ್ಲವೂ ಸ್ಯಾಂಟಲಾಲೇ ಎಂದು ಬರೆದುಕೊಳ್ಳುತ್ತಿದ್ದರು. ಆ ಗುಂಪಿನ ಬೇರೆ ಯಾವ ವಸ್ತು ಬೆರೆತಿದ್ದರೂ ಈ ಲೆಕ್ಕದಲ್ಲಿ ಸ್ಯಾಂಟಲಾಲಿನ ವೇಷ ಹಾಕಿಕೊಂಡು ಕೂತುಬಿಡುತ್ತಿತ್ತು. ಬೆಳಕಿನ ಸಮತಲವನ್ನು ಎಷ್ಟು ಡಿಗ್ರಿ ತಿರುಗಿಸುತ್ತದೆ ಎಂದು ನೋಡುವ ಪರೀಕ್ಷೆಯೂ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿನ ಸಕ್ಕರೆ ಅಳೆಯಲು ಬಳಸುವ ಯಂತ್ರದ ಜಾತಿಯದೇ. ಗಂಧದೆಣ್ಣೆ ಎಡಕ್ಕೆ 12ರಿಂದ 21 ಡಿಗ್ರಿ ತಿರುಗಿಸಬೇಕು. ಆದರೆ 18 ಡಿಗ್ರಿ ತಿರುಗಿಸುವ ಉತ್ತಮ ಎಣ್ಣೆಗೆ ಬೆಳಕನ್ನು ತಿರುಗಿಸದ ವಸ್ತುವನ್ನು ಮೂವತ್ತು ಪಾಲು ಸುರಿದರೂ ಸುಮಾರು 12.6 ಡಿಗ್ರಿ ಉಳಿಯುತ್ತದೆ. ಗಡಿಯೊಳಗೇ ಬಂತು! ಒಂದೊಂದು ಪರೀಕ್ಷೆಯೂ ಒಂದೊಂದು ಬಗೆಯ ಬೆರಕೆಯನ್ನು ಹೊರಗಿಡುತ್ತದೆ, ಅಷ್ಟೆ.

ಇಂದು ತೀರ್ಪು ಹೇಳುವ ಯಂತ್ರ ಗ್ಯಾಸ್ ಕ್ರೊಮಟೋಗ್ರಾಫ್. ಹನಿಯ ಒಂದು ಅಂಶವನ್ನು ಕಾಯಿಸಿ ಆವಿ ಮಾಡಿ, ಕೂದಲಿನಂಥ ತೆಳ್ಳಗಿನ, ಹತ್ತಾರು ಮೀಟರ್ ಉದ್ದದ ಸುರುಳಿ ಕೊಳವೆಯಲ್ಲಿ ಅನಿಲದ ಜೊತೆ ಓಡಿಸುತ್ತಾರೆ. ಎಣ್ಣೆಯಲ್ಲಿನ ಒಂದೊಂದು ವಸ್ತುವೂ ತನ್ನ ತನ್ನ ವೇಗದಲ್ಲಿ ಓಡಿ ಬೇರೆ ಬೇರೆ ಹೊತ್ತಿಗೆ ಹೊರಬರುತ್ತದೆ; ಪ್ರತಿಯೊಂದಕ್ಕೂ ಕಾಗದದ ಮೇಲೆ ಒಂದೊಂದು ಶಿಖರ ಮೂಡುತ್ತದೆ. ನಮ್ಮ ಶ್ರೀಗಂಧವಾದರೆ ಆಲ್ಫಾ ಸ್ಯಾಂಟಲಾಲ್ ಶೇಕಡ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಇರಬೇಕೆಂಬುದು ಮಾನಕದ ಮಾತು. ಆಸ್ಟ್ರೇಲಿಯದ ಗಂಧದಲ್ಲಿ ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಎಂಬುದರ ಶಿಖರ ಎದ್ದು ಕಾಣುತ್ತದೆ. ಟರ್ಪೆಂಟೈನ್ ಮೂಲದ ಕೃತಕ ಗಂಧವಿದ್ದರೆ ಮರದಲ್ಲಿ ಎಂದೂ ಇಲ್ಲದ ಶಿಖರಗಳು ಹೊರಬೀಳುತ್ತವೆ. ಸೆಂಟು ಮತ್ತು ಸುಗಂಧ ತೈಲದ ವ್ಯತ್ಯಾಸ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು.

ಆದರೂ ಈ ಯಂತ್ರಕ್ಕೊಂದು ಕುರುಡುತನ ಉಂಟು, ಅದನ್ನು ಕೊಳ್ಳುವವರು ತಿಳಿದಿರಲೇಬೇಕು. ಆವಿಯಾಗಿ ಹೊರಬಂದದ್ದನ್ನು ಮಾತ್ರ ಅದು ನೂರಕ್ಕೆ ಹಂಚಿ ತೋರಿಸುತ್ತದೆ. ಔಡಲೆಣ್ಣೆ, ಕೊಬ್ಬರಿ ಎಣ್ಣೆಗಳ ಕೊಬ್ಬು ಆ ಬಿಸಿಯಲ್ಲಿ ಸಾಮಾನ್ಯವಾಗಿ ಕೊಳವೆ ದಾಟಿ ಬರುವುದೇ ಇಲ್ಲ. ಮೂವತ್ತು ಪಾಲು ಔಡಲೆಣ್ಣೆ ಬೆರೆತ ಗಂಧದೆಣ್ಣೆಯನ್ನು ಕಳಿಸಿದರೆ ಯಂತ್ರ ಉಳಿದ ಎಪ್ಪತ್ತನ್ನೇ ನೂರೆಂದು ಹಿಡಿದು, ಆಲ್ಫಾ ಸ್ಯಾಂಟಲಾಲ್ 50, ಬೀಟಾ 20 ಎಂದು ಅಂದವಾದ ವರದಿ ಕೊಟ್ಟುಬಿಡಬಹುದು. ಲಕ್ಷಗಟ್ಟಲೆ ಬೆಲೆಯ ಯಂತ್ರ ಕಾಣದ ಈ ಬೆರಕೆಯನ್ನು ಹಿಡಿಯುವುದು ಅದೇ ನಳಿಗೆಯ ಐದು ಮಿಲಿಲೀಟರ್ ಮದ್ಯಸಾರ. ಇದಕ್ಕಾಗಿಯೇ ಪ್ರಯೋಗಶಾಲೆಗೆ ಮಾದರಿ ಕಳಿಸುವವರು ಶೇಕಡವಾರು ಪಟ್ಟಿಯೊಂದನ್ನೇ ಕೇಳದೆ, ಸಾಂದ್ರತೆ, ಬೆಳಕಿನ ತಿರುವು, ಮದ್ಯಸಾರದಲ್ಲಿ ಕರಗುವಿಕೆ, ಆವಿಯಾಗದೆ ಉಳಿಯುವ ಅಂಶ ಇವನ್ನೂ ಕೇಳಬೇಕು.

ಈ ವಿಷಯ ಕೊಳ್ಳುವವರದಷ್ಟೇ ಅಲ್ಲ, ಬೆಳೆಯುವವರದೂ ಆಗಿದೆ. ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದ ಗಂಧದ ಮರ ಸರ್ಕಾರದ ಸೊತ್ತಾಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಹೊಲದಲ್ಲಿ ಬೆಳೆದ ಗಂಧದ ಮರ ಹೊಲದ ಒಡೆಯನದೇ ಎಂದಾಯಿತು. ಆಮೇಲೆ ಕೊಪ್ಪಳ ಜಿಲ್ಲೆಯಲ್ಲಿಯೂ ಗಂಧ ಹಾಕಿದ ರೈತರಿದ್ದಾರೆ. ಹನ್ನೆರಡು ಹದಿನೈದು ವರ್ಷ ಕಳ್ಳರಿಂದ ಕಾಯ್ದು ಬೆಳೆಸಿದ ಮರ ಅದು. ಅವರ ಎದುರಿಗೆ ನಿಲ್ಲುವುದು ಬೇರೊಂದು ತೊಡಕು: ಶುದ್ಧವಾಗಿದ್ದೂ ಮಾನಕಕ್ಕೆ ಸಾಲದ ಎಣ್ಣೆ. ಎಳೆಯ ಮರದಲ್ಲಿ ಚೇಗು ಕಡಿಮೆ, ಚೇಗಿನಲ್ಲಿ ಎಣ್ಣೆಯೂ ಕಡಿಮೆ, ಕೆಲವೊಮ್ಮೆ ಎಣ್ಣೆಯಲ್ಲಿ ಸ್ಯಾಂಟಲಾಲೂ ಕಡಿಮೆ. ಭಟ್ಟಿಯನ್ನು ಬೇಗ ಆರಿಸಿದರೂ ಇದೇ ಆಗುತ್ತದೆ. ಹಗುರವಾದ ಸ್ಯಾಂಟಲೀನ್‌ಗಳು ಮೊದಲು ಇಳಿದು ಬರುತ್ತವೆ. ಬೆಲೆಬಾಳುವ ಸ್ಯಾಂಟಲಾಲ್ ನಿಧಾನಿ, ಅದನ್ನು ಪೂರ್ತಿ ಇಳಿಸಲು ದಿನವಿಡೀ, ಎಷ್ಟೋ ಸಲ ಎರಡು ಮೂರು ದಿನ ಉಗಿ ಹಾಯಿಸಬೇಕು. ಉರುವಲು ಉಳಿಸಲು ಹೋದವನ ಎಣ್ಣೆಯಲ್ಲಿ ಒಂದು ಹನಿ ಬೆರಕೆ ಇಲ್ಲದಿದ್ದರೂ ವರದಿ ಅವನಿಗೆ ವಿರುದ್ಧವಾಗಿ ಬರುತ್ತದೆ. ಅಂಥವನನ್ನು ಕಲಬೆರಕೆಗಾರ ಎಂದು ಕರೆಯುವುದು ಅನ್ಯಾಯ.

ಮರ ಕಡಿಯುವ ಮೊದಲೇ ಇದನ್ನು ತಿಳಿಯುವ ಉಪಾಯವಿದೆ. ಎದೆಮಟ್ಟದಲ್ಲಿ ಬೋರರ್ ಎಂಬ ಟೊಳ್ಳು ಕೊರೆಯುವ ಉಪಕರಣದಿಂದ ಕಾಂಡದ ನಡುವಿನವರೆಗೆ ಪೆನ್ಸಿಲಿನಂಥ ಒಂದು ಎಳೆಯನ್ನು ಹೊರತೆಗೆಯುತ್ತಾರೆ. ಬಿಳಿಯ ಭಾಗ ಎಷ್ಟು, ಕಂದು ಬಣ್ಣದ ಚೇಗು ಎಷ್ಟು ಎಂಬುದು ಅದರಲ್ಲಿ ಕಣ್ಣಿಗೇ ಕಾಣುತ್ತದೆ. ಎಣ್ಣೆಯ ಪ್ರಮಾಣವನ್ನು ಪ್ರಯೋಗಶಾಲೆ ಹೇಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತ ಬಂದಿದೆ. ಜಾತ್ರೆಯ ಸೀಸೆ ಕೊಂಡವರಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದು ಅಪರೂಪ. ಮುನ್ನೂರು ರೂಪಾಯಿಯ ಸೀಸೆ ಸಾಮಾನ್ಯವಾಗಿ ಪತ್ತಾರರ ತಕ್ಕಡಿಯಲ್ಲೋ ಕಾಲೇಜಿನ ನಳಿಗೆಯಲ್ಲೋ ತನ್ನ ಜಾತಿ ಹೇಳಿಬಿಡುತ್ತದೆ. ಅಲ್ಲಿ ಬಾಯಿ ಬಿಡದಿದ್ದರೆ ಎರಡು ಸಾವಿರದ ಲೆಕ್ಕ ಇದ್ದೇ ಇದೆ. ಆ ಎಣ್ಣೆಯನ್ನು ಜಗುಲಿಯ ಮುಂದೆ ಪರಿಮಳಕ್ಕಾಗಿ ಇಟ್ಟುಕೊಳ್ಳಬಹುದು. ಮಗುವಿನ ಚರ್ಮಕ್ಕೆ ಹಚ್ಚುವುದು, ಹಾಲಿನಲ್ಲಿ ಹನಿ ಹಾಕಿ ಕುಡಿಸುವುದು ಮಾತ್ರ ಬೇಡ.